ಶಾಲಾ ಬ್ಯಾಗ್ ಆರಿಸೋದು ಹೇಗೆ: ಮೊದಲು ಬೆನ್ನು ಅಳೆಯಿರಿ, ಆಮೇಲೆ ಬ್ಯಾಗ್ ನೋಡಿ

ಸ್ಲೈಡ್ 1 · ಬ್ಯಾಗ್ ಹೊಲಿಯುವವನೇ ಮಾಡಿದ ತಪ್ಪು

ನನ್ನ ಕೆಲಸವೇ ಬ್ಯಾಗ್ ಹೊಲಿಯುವುದು. ಆದರೂ ಮಗಳು ಎರಡನೇ ತರಗತಿಗೆ ಹೋದ ವರ್ಷ ಆರ್ಡರ್ ರಾಶಿ ಬಿದ್ದಿತ್ತು, ಅವಳಿಗೆ ಹೊಲಿಯಲು ಪುರುಸೊತ್ತಾಗಲಿಲ್ಲ. ಅಂಗಡಿಯಿಂದಲೇ ಒಂದು ತಂದೆ. ಅದೂ ಒಂದು ಸೈಜ್ ದೊಡ್ಡದು, ಇನ್ನೆರಡು ವರ್ಷ ನಡೆಯಲಿ ಅಂತ.

ವಾರ ಕಳೆದ ಮೇಲೆ ಅವಳ ಹಿಂದೆಯೇ ನಡೆದು ಹೋಗುವಾಗ ಗಮನಿಸಿದೆ. ಹಿಂದಿನಿಂದ ನೋಡಿದರೆ ಒಂದು ಬ್ಯಾಗು, ಅದರ ಕೆಳಗೆ ಎರಡು ಕಾಲು, ಅಷ್ಟೇ. ಹೆಜ್ಜೆ ಹಾಕಿದಾಗಲೆಲ್ಲ ಬ್ಯಾಗಿನ ತಳ ಕುಂಡಿಗೆ ಬಡಿಯುತ್ತಿತ್ತು. ಎರಡೂ ಹೆಬ್ಬೆರಳನ್ನು ಪಟ್ಟಿಯೊಳಗೆ ತೂರಿಸಿ, ಕತ್ತು ಮುಂದೆ ಚಾಚಿ ನಡೆಯುತ್ತಿದ್ದಳು.

“ಯಾಕಮ್ಮ ಹೀಗೆ ಬಗ್ಗಿ ನಡೀತೀಯ?”

“ಇಲ್ಲಾಂದ್ರೆ ಬ್ಯಾಗು ನನ್ನನ್ನ ಹಿಂದಕ್ಕೆ ಎಳೆಯುತ್ತೆ ಅಪ್ಪಾ.”

ಅವಳು ಹೇಳಿದ್ದು ಸರಿಯಾಗಿತ್ತು. ಬ್ಯಾಗು ಬೆನ್ನಿಗಿಂತ ಉದ್ದವಾದರೆ ಭಾರ ಕೆಳಗಿಳಿದು ಬೆನ್ನಿನಿಂದ ದೂರ ಹೋಗುತ್ತದೆ. ಆ ಎಳೆತವನ್ನು ಸರಿದೂಗಿಸಲು ಮಗು ಮುಂದಕ್ಕೆ ಬಾಗಲೇಬೇಕು. ಅಂದರೆ ಬ್ಯಾಗು ಹಳೆಯದಾಗುವವರೆಗೆ ದಿನಾ ಹಾಗೇ ನಡೆಯುವುದು. ಆದ್ದರಿಂದ ಬಣ್ಣ, ಕಾರ್ಟೂನ್, ಪಾಕೆಟ್ ಎಲ್ಲ ಆಮೇಲೆ. ಮೊದಲು ಟೇಪು.

ಸ್ಲೈಡ್ 2 · ಬೆನ್ನಿನ ಅಳತೆ

ಬಟ್ಟೆ ಹೊಲಿಯುವವರ ಮೆದು ಟೇಪು ಸಾಕು. ಎರಡು ನಿಮಿಷದ ಕೆಲಸ.

ಮಗುವನ್ನು ನೆಟ್ಟಗೆ ನಿಲ್ಲಿಸಿ, ತಲೆ ಬಗ್ಗಿಸಲು ಹೇಳಿ. ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತದೆ. ಅದರ ಮೇಲೆ ಬೆರಳಿಟ್ಟುಕೊಳ್ಳಿ, ಅದು ಮೇಲಿನ ತುದಿ. ಈಗ ಮಗು ತಲೆ ಎತ್ತಲಿ, ಎರಡೂ ಕೈ ಸೊಂಟದ ಮೇಲೆ ಇಡಲಿ. ಹೆಬ್ಬೆರಳು ಹಿಂದಕ್ಕೆ ಇರಬೇಕು, ಅಂಗೈ ಸೊಂಟದ ಮೂಳೆಯ ಮೇಲೆ ಕೂತಿರಬೇಕು. ಎರಡು ಹೆಬ್ಬೆರಳ ನಡುವೆ ಬೆನ್ನಿನ ಮೇಲೆ ಒಂದು ಅಡ್ಡಗೆರೆ ಇದೆ ಅಂದುಕೊಳ್ಳಿ. ಅದು ಕೆಳಗಿನ ತುದಿ. ಮೇಲಿನ ಮೂಳೆಯಿಂದ ಈ ಗೆರೆಯವರೆಗೆ, ಬೆನ್ನಿನ ಬಾಗಿನ ಮೇಲೇ ಟೇಪು ಇಳಿಸಿ.

ನನ್ನ ಮಗಳಿಗೆ ಆಗ 13 ಇಂಚು ಬಂತು, ಸುಮಾರು 33 ಸೆಂಟಿಮೀಟರ್. ನಾನು ತಂದಿದ್ದ ಬ್ಯಾಗಿನ ಎತ್ತರ 17 ಇಂಚು. ಬಡಿಯದೆ ಇನ್ನೇನು ಮಾಡೀತು?

ಬ್ಯಾಗಿನ ಎತ್ತರ ಬೆನ್ನಿನ ಅಳತೆಯಷ್ಟೇ ಇರಲಿ, ಹೆಚ್ಚೆಂದರೆ ಒಂದು ಇಂಚು ಜಾಸ್ತಿ. ಹಾಕಿಕೊಂಡಾಗ ತಳ ಸೊಂಟದ ಹತ್ತಿರ, ಬೆನ್ನು ಒಳಗೆ ಬಾಗುವ ಜಾಗದಲ್ಲಿ ಕೂರಬೇಕು. ಸೊಂಟದಿಂದ 4 ಇಂಚು ಕೆಳಗೆ ಹೋಯಿತೆಂದರೆ ಆ ಬ್ಯಾಗ್ ಬೇಡವೇ ಬೇಡ.

“ಮುಂದಿನ ವರ್ಷ ಬೆಳೀತಾಳಲ್ಲ” ಅನ್ನುವ ಮಾತಿಗೂ ಲೆಕ್ಕ ಇದೆ. ಆರರಿಂದ ಹತ್ತು ವರ್ಷದ ಮಕ್ಕಳು ವರ್ಷಕ್ಕೆ 5–6 ಸೆಂಟಿಮೀಟರ್ ಎತ್ತರ ಬೆಳೆಯುತ್ತಾರೆ. ಅದರಲ್ಲಿ ದೊಡ್ಡ ಪಾಲು ಕಾಲಿಗೆ ಹೋಗುತ್ತದೆ. ಬೆನ್ನಿಗೆ ಸಿಗುವುದು ವರ್ಷಕ್ಕೆ ಒಂದು ಇಂಚಿಗಿಂತ ಕಡಿಮೆ. ಹಾಗಾಗಿ 4 ಇಂಚು ದೊಡ್ಡ ಬ್ಯಾಗ್ ತಂದರೆ ಮಗು ಅದಕ್ಕೆ ಸರಿಹೋಗುವಷ್ಟು ಬೆಳೆಯುವ ಮೊದಲೇ ಅದರ ಜಿಪ್ಪು ಹೋಗಿರುತ್ತದೆ. ಒಂದು ಇಂಚಿನ ಅವಕಾಶ ಬಿಟ್ಟುಕೊಂಡರೆ ವರ್ಷ, ಒಂದೂವರೆ ವರ್ಷ ಆರಾಮಾಗಿ ನಡೆಯುತ್ತದೆ.

ಅಗಲದ್ದು ಸುಲಭ. ಬ್ಯಾಗು ಮಗುವಿನ ಬೆನ್ನಿಗಿಂತ ಅಗಲ ಇರಬಾರದು. ಹಿಂದಿನಿಂದ ನೋಡಿದಾಗ ಎರಡೂ ತೋಳು ಆರಾಮಾಗಿ ಇಳಿಬಿದ್ದಿರಬೇಕು, ಬ್ಯಾಗಿನ ಅಂಚಿಗೆ ತಾಗಬಾರದು.

ಸ್ಲೈಡ್ 3 · ತಕ್ಕಡಿ ಹೇಳುವ ಕಥೆ

ಇಲ್ಲಿ ಸ್ವಲ್ಪ ನಿಲ್ಲಿ. ಇಡೀ ವಿಷಯದಲ್ಲಿ ಹೆಚ್ಚು ಕೆಲಸಕ್ಕೆ ಬರುವ ಭಾಗ ಇದು.

ತುಂಬಿದ ಬ್ಯಾಗು ಮಗುವಿನ ತೂಕದ ಶೇಕಡಾ 10ರ ಆಸುಪಾಸಿನಲ್ಲಿರಲಿ ಅನ್ನುವುದು ಸಾಮಾನ್ಯವಾಗಿ ಹೇಳುವ ಮಿತಿ. ಕೆಲವರು 15ರವರೆಗೂ ಆಗಬಹುದು ಅನ್ನುತ್ತಾರೆ. ಒಂದು ಗ್ರಾಂ ದಾಟಿದರೆ ಏನೋ ಆಗಿಬಿಡುತ್ತದೆ ಅಂತಲ್ಲ. ಭಾರದ ಬ್ಯಾಗಿನಿಂದ ಬೆನ್ನುಮೂಳೆ ಶಾಶ್ವತವಾಗಿ ಡೊಂಕಾಗುತ್ತದೆ ಅಂತ ಹೆದರಿಸುವವರೂ ಇದ್ದಾರೆ, ಅದಕ್ಕೆ ಗಟ್ಟಿ ಆಧಾರ ಇಲ್ಲ. ಆದರೆ ಹೆಗಲು ನೋವು, ಸುಸ್ತು, ಮೆಟ್ಟಿಲಲ್ಲಿ ಸಮತೋಲನ ತಪ್ಪುವುದು, ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು. ಅವೇ ಸಾಲದಾ?

ಮಗಳ ತೂಕ ಆಗ 22 ಕಿಲೋ. ಅಂದರೆ 2 ಕಿಲೋ 200 ಗ್ರಾಂ ಅವಳ ಮಿತಿ. ಒಂದು ಸಂಜೆ ಅಡುಗೆಮನೆಯ ತೂಕದ ಯಂತ್ರದ ಮೇಲೆ ಬ್ಯಾಗಿನ ಒಂದೊಂದೇ ಸಾಮಾನು ಇಟ್ಟೆ.

ಖಾಲಿ ಬ್ಯಾಗೇ 950 ಗ್ರಾಂ. ನಾಲ್ಕು ಪಠ್ಯಪುಸ್ತಕ ಸೇರಿ 1 ಕಿಲೋ. ಐದು ನೋಟ್‌ಬುಕ್ 750 ಗ್ರಾಂ. ಜ್ಯಾಮಿಟ್ರಿ ಬಾಕ್ಸಿನಷ್ಟು ದೊಡ್ಡ ಪೆನ್ಸಿಲ್ ಡಬ್ಬಿ 200. ಊಟ ತುಂಬಿದ ಸ್ಟೀಲ್ ಡಬ್ಬಿ 550. ಕೊನೆಗೆ ಮುಕ್ಕಾಲು ಲೀಟರ್ ನೀರು ತುಂಬಿದ ಸ್ಟೀಲ್ ಬಾಟಲಿ, ಸರಿಯಾಗಿ 1 ಕಿಲೋ. ಒಟ್ಟು 4 ಕಿಲೋ 450 ಗ್ರಾಂ. ಅವಳ ತೂಕದ ಐದನೇ ಒಂದು ಭಾಗ. 70 ಕಿಲೋ ತೂಗುವ ನಾನು ದಿನಾ 14 ಕಿಲೋ ಹೊತ್ತು ಕೆಲಸಕ್ಕೆ ಹೋದ ಹಾಗೆ.

ಮರುದಿನದಿಂದ ಏನು ಬದಲಾಯಿತು ಅಂತ ಹೇಳುತ್ತೇನೆ. ಟೈಮ್‌ಟೇಬಲ್ ನೋಡಿ ಆ ದಿನಕ್ಕೆ ಬೇಕಾದ ಎರಡು ಪಠ್ಯಪುಸ್ತಕ, ಮೂರು ನೋಟ್‌ಬುಕ್ ಮಾತ್ರ ಇಟ್ಟೆವು: 500 ಮತ್ತು 450 ಗ್ರಾಂ. ಪೆನ್ಸಿಲ್ ಡಬ್ಬಿಯ ಬದಲು ಬಟ್ಟೆಯ ಪೌಚ್, 100 ಗ್ರಾಂ. ಊಟದ ಡಬ್ಬಿ ಚಿಕ್ಕದು, 400. ಶಾಲೆಯಲ್ಲಿ ಕುಡಿಯುವ ನೀರು ಚೆನ್ನಾಗಿದ್ದುದರಿಂದ ಹಗುರ ಬಾಟಲಿಯಲ್ಲಿ 300 ಮಿಲಿ ತುಂಬಿಸಿ, ಅಲ್ಲಿ ಮತ್ತೆ ತುಂಬಿಸಿಕೊಳ್ಳಲು ಹೇಳಿದೆ. ಅದು 400. ಕೊನೆಗೆ ನಾನೇ ಹೊಲಿದ ಚಿಕ್ಕ ಬ್ಯಾಗು, 500 ಗ್ರಾಂ. ಎಲ್ಲ ಸೇರಿ 2 ಕಿಲೋ 350.

ಮಿತಿಗಿಂತ ಇನ್ನೂ 150 ಗ್ರಾಂ ಜಾಸ್ತಿಯೇ. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಇನ್ನೊಂದು ವಿಷಯ ಗಮನಿಸಿದಿರಾ? ಕಡಿಮೆಯಾದ 2 ಕಿಲೋ 100 ಗ್ರಾಂನಲ್ಲಿ ಬ್ಯಾಗಿನ ಪಾಲು 450 ಗ್ರಾಂ ಮಾತ್ರ. ಉಳಿದದ್ದೆಲ್ಲ ತುಂಬುವ ರೀತಿಯಿಂದ ಉಳಿತಾಯವಾಯಿತು. ಬ್ಯಾಗ್ ಮಾರುವವನು ಹೇಳಬಾರದ ಮಾತು ಇದು, ಆದರೂ ಹೇಳುತ್ತಿದ್ದೇನೆ: ಹೊಸ ಬ್ಯಾಗ್ ಒಂದರಿಂದಲೇ ಭಾರ ಇಳಿಯುವುದಿಲ್ಲ. ಹಾಗಂತ ಖಾಲಿ ಬ್ಯಾಗಿನ ತೂಕ ಕಡೆಗಣಿಸುವ ಹಾಗೂ ಇಲ್ಲ. ಪುಸ್ತಕ ದಿನಕ್ಕೊಂದು ಥರ ಇರುತ್ತದೆ, ಬಾಟಲಿ ವಾಪಸ್ ಬರುವಾಗ ಖಾಲಿಯಾಗಿರುತ್ತದೆ. ಬ್ಯಾಗಿನ ತೂಕ ಮಾತ್ರ ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ಚಿಕ್ಕ ತರಗತಿಯ ಮಕ್ಕಳಿಗೆ ಖಾಲಿ ಬ್ಯಾಗು 600 ಗ್ರಾಂ ಒಳಗಿರಲಿ. ದೊಡ್ಡ ಮಕ್ಕಳಿಗೂ ಕಿಲೋ ದಾಟದಿದ್ದರೆ ಒಳ್ಳೆಯದು.

ಸ್ಲೈಡ್ 4 · ಪಟ್ಟಿ

ಎರಡು ಪಟ್ಟಿ ಇರಬೇಕು, ಎರಡನ್ನೂ ಹಾಕಿಕೊಳ್ಳಬೇಕು. ಒಂದೇ ಹೆಗಲಿಗೆ ನೇತುಹಾಕುವ ಬ್ಯಾಗ್ ನೋಡಲು ಸ್ಟೈಲಾಗಿರುತ್ತದೆ, ಪುಸ್ತಕ ಹೊರಲು ಅಲ್ಲ.

ಹೆಗಲ ಮೇಲೆ ಕೂರುವ ಜಾಗದಲ್ಲಿ ಪಟ್ಟಿ ಸುಮಾರು 2 ಇಂಚು ಅಗಲ ಇರಲಿ. ತೆಳು ಪಟ್ಟಿಯಾದರೆ ಅಷ್ಟೂ ಭಾರ ಒಂದು ಗೆರೆಯ ಮೇಲೆ ಬಿದ್ದು ಚರ್ಮಕ್ಕೆ ಕಚ್ಚುತ್ತದೆ. ಒಳಗಿನ ಫೋಮ್ ಹೇಗಿದೆ ಅಂತ ತಿಳಿಯಲು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಗಟ್ಟಿಯಾಗಿ ಅದುಮಿ. ಎರಡು ಬೆರಳೂ ಒಂದಕ್ಕೊಂದು ತಾಗಿದಂತೆ ಅನಿಸಿದರೆ ಅದು ಬರೀ ಸ್ಪಂಜು, ಎರಡು ತಿಂಗಳಲ್ಲಿ ಚಪ್ಪಟೆಯಾಗುತ್ತದೆ. ಒಳ್ಳೆಯ ಫೋಮ್ ಅದುಮಿದರೆ ತಡೆಯುತ್ತದೆ, ಬಿಟ್ಟ ಕೂಡಲೇ ಮೇಲೇಳುತ್ತದೆ. ದಪ್ಪ ಇದ್ದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ.

ಮೇಲೆ ಎರಡು ಪಟ್ಟಿಯ ನಡುವಿನ ಅಂತರವನ್ನೂ ನೋಡಿ. ದೊಡ್ಡವರ ಬ್ಯಾಗಿನಲ್ಲಿ ಅದು ಅಗಲ ಇರುತ್ತದೆ. ಮಗುವಿನ ಹೆಗಲು ಕಿರಿದು, ಪಟ್ಟಿ ಹೊರಕ್ಕೆ ಜಾರುತ್ತಲೇ ಇರುತ್ತದೆ. ಮಗು ಯಾವಾಗಲೂ ಹೆಗಲು ಎತ್ತಿಕೊಂಡೇ ನಡೆಯುತ್ತಿದ್ದರೆ ಕಾರಣ ಬಹಳ ಸಲ ಇದೇ. ಎದೆಯ ಮೇಲೆ ಎರಡೂ ಪಟ್ಟಿಯನ್ನು ಸೇರಿಸುವ ಚಿಕ್ಕ ಬೆಲ್ಟ್ ಇದ್ದರೆ ಆ ಜಾರುವಿಕೆ ನಿಲ್ಲುತ್ತದೆ. ಚಿಕ್ಕ ಮಕ್ಕಳ ಬ್ಯಾಗಿನಲ್ಲಿ ನಾನು ಇದನ್ನು ಬಿಡುವುದೇ ಇಲ್ಲ. ಎಳೆದರೆ ತಾನಾಗಿ ಬಿಟ್ಟುಕೊಳ್ಳುವ ಬಕಲ್ ಇದ್ದರೆ ಇನ್ನೂ ಒಳ್ಳೆಯದು, ಆಟದ ಸಾಮಾನಿಗೋ ಬಾಗಿಲಿಗೋ ಸಿಕ್ಕಿಕೊಂಡರೆ ಮಗುವಿಗೆ ಅಪಾಯ ಇರುವುದಿಲ್ಲ.

ಇನ್ನು ಉದ್ದ ಸರಿಮಾಡುವ ಪ್ಲಾಸ್ಟಿಕ್ ಬಕಲ್. ಅದರಲ್ಲಿ ಹಾದುಹೋಗುವ ನಾಡಾ ತೆಳ್ಳಗೆ, ನುಣುಪಾಗಿ ಇದ್ದರೆ ಭಾರ ಬಿದ್ದಾಗ ನಿಧಾನವಾಗಿ ಜಾರುತ್ತದೆ. ಬೆಳಿಗ್ಗೆ ಬಿಗಿಯಾಗಿ ಕಟ್ಟಿ ಕಳಿಸಿದ ಬ್ಯಾಗು ಸಂಜೆ ಕುಂಡಿಯ ಮೇಲೆ ಕೂತು ಮನೆಗೆ ಬರುತ್ತದೆ. ಮಗು ಸಡಿಲ ಮಾಡಿಕೊಂಡಿತು ಅಂತ ಅದನ್ನೇ ಬೈಯುತ್ತೇವೆ. ಪರೀಕ್ಷೆ ಸುಲಭ. ಬಕಲಿನ ಅಂಚಿನಲ್ಲಿ ನಾಡಾದ ಮೇಲೆ ಪೆನ್ನಿನಿಂದ ಒಂದು ಗೆರೆ ಹಾಕಿ, ತುಂಬಿದ ಬ್ಯಾಗು ಹಾಕಿಸಿ ಹತ್ತು ನಿಮಿಷ ನಡೆಸಿ. ಗೆರೆ ಬಕಲಿನಿಂದ ದೂರ ಸರಿದಿದ್ದರೆ ಬ್ಯಾಗಿನದ್ದೇ ತಪ್ಪು.

ಸ್ಲೈಡ್ 5 · ಬ್ಯಾಗಿನ ಒಳಗೆ ಕೈ ಹಾಕಿ

ರಿಪೇರಿಗೆ ಬರುವ ಬ್ಯಾಗುಗಳಲ್ಲಿ ಬಟ್ಟೆ ಹರಿದದ್ದು ಕಡಿಮೆ. ಬರುವುದೆಲ್ಲ ಹೆಚ್ಚಾಗಿ ಎರಡೇ ಕಡೆ ಹೋದವು: ಪಟ್ಟಿ ಕೆಳಗೆ ಸೇರುವ ಮೂಲೆ, ಮತ್ತು ಜಿಪ್ಪು.

ಮೂಲೆಯಿಂದ ಶುರುಮಾಡೋಣ. ಕೆಳಗಿನ ನಾಡಾವನ್ನು ಬರೀ ಬದಿಯ ಹೊಲಿಗೆಯೊಳಗೆ ಸಿಕ್ಕಿಸಿ ಒಂದು ಸಾಲು ಹೊಲಿದಿರುತ್ತಾರೆ. ಮಗು ಬ್ಯಾಗನ್ನು ಒಂದು ಪಟ್ಟಿ ಹಿಡಿದು ಎಳೆದಾಗ ಅಷ್ಟೂ ಭಾರ ಆ ಅರ್ಧ ಇಂಚಿನ ಹೊಲಿಗೆಯ ಮೇಲೆ ಬೀಳುತ್ತದೆ. ಮೊದಲು ಒಂದೆರಡು ನೂಲು ಏಳುತ್ತದೆ, ಆಮೇಲೆ ಒಂದು ದಿನ ಪರ್ ಅಂತ ಕಿತ್ತು ಬರುತ್ತದೆ. ಗಟ್ಟಿ ಬ್ಯಾಗಿನಲ್ಲಿ ನಾಡಾ ಮೊದಲು ಒಂದು ತ್ರಿಕೋನ ಬಟ್ಟೆಗೆ ಸೇರಿರುತ್ತದೆ, ಆ ತ್ರಿಕೋನದ ಅಗಲದ ಬದಿ ಬ್ಯಾಗಿಗೆ ಸೇರಿರುತ್ತದೆ. ಎಳೆತ ಎರಡು ಮೂರು ಇಂಚಿಗೆ ಹಂಚಿಹೋಗುತ್ತದೆ. ಮೇಲ್ಗಡೆ ಪಟ್ಟಿ ಸೇರುವ ಜಾಗದಲ್ಲಿ ಚೌಕ ಹೊಲಿದು ಅದರೊಳಗೆ ಗುಣಿಸು ಗುರುತಿನಂತೆ ಅಡ್ಡ ಹೊಲಿಗೆ ಹಾಕಿದ್ದರೆ ಹೊಲಿದವನಿಗೆ ಕೆಲಸ ಗೊತ್ತು ಅಂತ ಅರ್ಥ.

ಈಗ ಬ್ಯಾಗನ್ನು ಒಳಹೊರಗು ಮಾಡಿ, ಇಲ್ಲವೇ ಒಳಗೆ ಕೈ ಹಾಕಿ ಅಂಚು ಸವರಿ. ಹೊಲಿಗೆಯ ಆಚೆ ಬಟ್ಟೆ ಒಂದು ಸೆಂಟಿಮೀಟರ್‌ನಷ್ಟಾದರೂ ಉಳಿದಿದೆಯಾ? ಅದರ ಮೇಲೆ ಬಟ್ಟೆಯ ಪಟ್ಟಿ ಮಡಚಿ ಹೊಲಿದಿದ್ದಾರಾ, ಇಲ್ಲ ನೂಲು ಜೋತಾಡುತ್ತಿದೆಯಾ? ಅಂಚು ಬಿಟ್ಟ ಬಟ್ಟೆ ನೂಲುನೂಲಾಗಿ ಬಿಚ್ಚಿಕೊಂಡು ಹೋಗಿ ಒಂದು ದಿನ ಹೊಲಿಗೆಯನ್ನೇ ದಾಟುತ್ತದೆ. ಆಮೇಲೆ ರಿಪೇರಿ ಮಾಡಲು ಹಿಡಿಯುವುದಕ್ಕೆ ಬಟ್ಟೆಯೇ ಇರುವುದಿಲ್ಲ.

ಜಿಪ್ಪಿನಲ್ಲಿ ಹಲ್ಲಿಗಿಂತ ಮೊದಲು ಸವೆಯುವುದು ರನ್ನರ್. ರನ್ನರಿನ ಹಿಂಭಾಗದಲ್ಲಿ 5, 8, 10 ಅಂತ ಒಂದು ಸಂಖ್ಯೆ ಇರುವುದುಂಟು. ಸಂಖ್ಯೆ ದೊಡ್ಡದಾದಷ್ಟು ಜಿಪ್ಪು ದಪ್ಪ. ದೊಡ್ಡ ಖಾನೆಗೆ 8 ಇದ್ದರೆ ಚೆನ್ನ. ಮುಂದಿನ ಚಿಕ್ಕ ಪಾಕೆಟಿಗೆ 5 ಸಾಕು. ಜಿಪ್ಪನ್ನು ಹತ್ತು ಸಲ ಹಾಕಿ ತೆಗೆಯಿರಿ, ಮುಖ್ಯವಾಗಿ ಮೂಲೆಯ ತಿರುವಿನಲ್ಲಿ ಗಮನಿಸಿ. ತಿರುವು ಚೂಪಾಗಿದ್ದು ರನ್ನರ್ ಅಲ್ಲಿ ಸಿಕ್ಕಿಹಾಕಿಕೊಂಡರೆ, ಹೋಗುವುದು ಅಲ್ಲಿಯೇ. ಮಗು ಒಂದೇ ಕೈಯಲ್ಲಿ ತೆಗೆಯಲು ಆಗುತ್ತದಾ ಅಂತಲೂ ನೋಡಿ.

ಒಂದು ಕಿವಿಮಾತು ಸುಮ್ನೆ ಹೇಳಿಬಿಡುತ್ತೇನೆ. ಜಿಪ್ಪು ಎಳೆದ ಮೇಲೂ ಹಿಂದೆ ಹಿಂದೆ ಬಿಚ್ಚಿಕೊಳ್ಳುತ್ತಿದ್ದರೆ ಬ್ಯಾಗು ಎಸೆಯಬೇಡಿ. ರನ್ನರಿನ ಬಾಯಿ ಅಗಲವಾಗಿರುತ್ತದೆ. ಕಟಿಂಗ್ ಪ್ಲೇಯರ್‌ನಿಂದ ರನ್ನರಿನ ಹಿಂಬದಿಯ ಎರಡೂ ಪಕ್ಕವನ್ನು ಒಂದೊಂದಾಗಿ, ಮೆಲ್ಲಗೆ ಅದುಮಿ. ಜೋರು ಮಾಡಿದರೆ ರನ್ನರ್ ಒಡೆಯುತ್ತದೆ. ಸರಿಯಾಗಿ ಮಾಡಿದರೆ ಇನ್ನೂ ಒಂದಷ್ಟು ತಿಂಗಳು ಓಡುತ್ತದೆ.

ಬಟ್ಟೆಯ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಲೇಬಲ್ಲಿನಲ್ಲಿ 600D ಅಂತ ಬರೆದಿದ್ದರೆ ಅದು ನೂಲಿನ ದಪ್ಪ: ಅಂಥ ನೂಲು 9,000 ಮೀಟರ್ ಉದ್ದಕ್ಕೆ 600 ಗ್ರಾಂ ತೂಗುತ್ತದೆ. ಶಾಲಾ ಬ್ಯಾಗಿಗೆ ಅಷ್ಟು ಸಾಕು. ಅದಕ್ಕಿಂತ ದಪ್ಪ ಹಾಕಿದರೆ ಬರೀ ತೂಕ ಏರುತ್ತದೆ. ನೀರು ತಡೆಯುವ ಲೇಪನ ಬಟ್ಟೆಯ ಒಳಮೈಯಲ್ಲಿ ಇರುತ್ತದೆ. ಉಗುರಿನಿಂದ ಕೆರೆದಾಗ ಬಿಳಿ ಪುಡಿ ಉದುರಿದರೆ ಬೇಡ ಅನ್ನಿ. ಲೇಪನ ಚೆನ್ನಾಗಿದ್ದರೂ ಜೋರು ಮಳೆಯಲ್ಲಿ ಜಿಪ್ಪು ಮತ್ತು ಹೊಲಿಗೆಯ ತೂತಿನಿಂದ ನೀರು ಇಳಿಯುತ್ತದೆ. “ವಾಟರ್‌ಪ್ರೂಫ್” ಅನ್ನುವ ಮಾತು ನಂಬಿ ನೋಟ್‌ಬುಕ್ ಒದ್ದೆ ಮಾಡಿಕೊಳ್ಳಬೇಡಿ, ಮಳೆಗೆ ಕವರ್ ಬೇಕೇ ಬೇಕು.

ಸ್ಲೈಡ್ 6 · ಚಕ್ರದ ಬ್ಯಾಗ್ ತಗೊಳ್ಳಲಾ?

ಶಾಲೆಯ ದಾರಿ ಸಮತಟ್ಟಾಗಿದ್ದು, ತರಗತಿ ನೆಲಮಹಡಿಯಲ್ಲೇ ಇದ್ದರೆ ತಗೊಳ್ಳಿ. ಮೆಟ್ಟಿಲು ಇದ್ದರೆ ಬೇಡ. ಚಕ್ರ, ಕಂಬಿ ಸೇರಿ ಅದರ ಖಾಲಿ ತೂಕವೇ ಮಾಮೂಲಿ ಬ್ಯಾಗಿನ ಎರಡು ಮೂರರಷ್ಟು. ಮೆಟ್ಟಿಲಲ್ಲಿ ಅದನ್ನು ಮಗು ಒಂದೇ ಕೈಯಲ್ಲಿ ಎತ್ತಬೇಕಾಗುತ್ತದೆ.

ಸ್ಲೈಡ್ 7 · ಹಾಕಿಸಿ ನೋಡುವ ಕ್ರಮ

ಖಾಲಿ ಬ್ಯಾಗು ಯಾರ ಬೆನ್ನಿಗೂ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಮಗುವನ್ನೂ, ಒಂದು ದಿನದ ಪುಸ್ತಕಗಳನ್ನೂ ಅಂಗಡಿಗೆ ಜೊತೆಯಲ್ಲಿ ಕರೆದೊಯ್ಯಿರಿ. ಆನ್‌ಲೈನಲ್ಲಿ ತರಿಸಿದರೆ ಲೇಬಲ್ ಕೀಳದೆ ಮನೆಯೊಳಗೇ ಇದನ್ನು ಮಾಡಿ, ಸರಿಯಾಗದಿದ್ದರೆ ವಾಪಸ್ ಕಳಿಸಬಹುದು.

ತುಂಬುವಾಗ ಹೆಚ್ಚು ಭಾರದ ಪುಸ್ತಕ ಬೆನ್ನಿಗೆ ತಾಗುವ ಖಾನೆಯಲ್ಲಿ ನಿಲ್ಲಲಿ. ನೋಟ್‌ಬುಕ್ ಅದರ ಮುಂದೆ, ಡಬ್ಬಿ ನಡುವೆ, ಪೌಚು ಹೊರಗಿನ ಪಾಕೆಟಿನಲ್ಲಿ. ದಪ್ಪ ಪುಸ್ತಕ ಮುಂದಿನ ಪಾಕೆಟಿಗೆ ಹೋದರೆ ಅದೇ ತೂಕದ ಬ್ಯಾಗು ಹೆಚ್ಚು ಭಾರ ಅನಿಸುತ್ತದೆ. ನಂಬಿಕೆ ಬರದಿದ್ದರೆ ಒಂದು ಪುಸ್ತಕವನ್ನು ಎದೆಗೆ ಅವಚಿಕೊಂಡು ನೋಡಿ, ಆಮೇಲೆ ಕೈ ಚಾಚಿ ಹಿಡಿದು ನೋಡಿ.

ಪಟ್ಟಿಗಳನ್ನು ಪೂರ್ತಿ ಸಡಿಲ ಬಿಟ್ಟು ಹಾಕಿಸಿ. ಆಮೇಲೆ ಕೆಳಗಿನ ಎರಡೂ ನಾಡಾವನ್ನು ಒಟ್ಟಿಗೆ ಎಳೆಯಿರಿ. ಬ್ಯಾಗು ಬೆನ್ನಿಗೆ ಅಂಟಿ, ತಳ ಸೊಂಟದ ಹತ್ತಿರ ಬಂದಾಗ ನಿಲ್ಲಿಸಿ. ಎದೆಯ ಬೆಲ್ಟು ಕಂಕುಳಿನ ಮಟ್ಟದಲ್ಲಿರಲಿ, ಕತ್ತಿನ ಹತ್ತಿರಕ್ಕೆ ಬರಬಾರದು. ಅದನ್ನು ಬಿಗಿ ಮಾಡಬೇಡಿ, ನಿಮ್ಮ ಎರಡು ಬೆರಳು ಒಳಗೆ ಹೋಗುವಷ್ಟು ಜಾಗ ಬಿಡಿ.

ಈಗ ಐದು ನಿಮಿಷ ನಡೆಯಲಿ. ಒಮ್ಮೆ ಬಗ್ಗಿ ಶೂ ಲೇಸ್ ಮುಟ್ಟಲಿ. ಬ್ಯಾಗು ತಲೆಯ ಮೇಲೆ ಜಾರಿ ಬಂದರೆ ಮೇಲ್ಗಡೆ ಸಡಿಲ ಇದೆ. ಪಕ್ಕದಿಂದ ನಿಂತು ಕಿವಿ, ಹೆಗಲು, ಸೊಂಟ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿದೆಯಾ ನೋಡಿ. ಕಿವಿ ಹೆಗಲಿಗಿಂತ ತುಂಬ ಮುಂದೆ ಹೋಗಿದ್ದರೆ ಒಂದೋ ಭಾರ ಜಾಸ್ತಿ, ಇಲ್ಲವೋ ಬ್ಯಾಗು ಉದ್ದ. ಎರಡು ಪುಸ್ತಕ ತೆಗೆದು ಮತ್ತೆ ನಡೆಸಿದರೆ ಯಾವುದು ಅಂತ ಗೊತ್ತಾಗುತ್ತದೆ. ಕೊನೆಯಲ್ಲಿ ಯಾರ ಸಹಾಯವೂ ಇಲ್ಲದೆ ಮಗು ತಾನೇ ತೆಗೆದು, ತಾನೇ ಹಾಕಿಕೊಳ್ಳಲಿ. ಅದು ಆಗದಿದ್ದರೆ ನಾಳೆಯಿಂದ ಒಂದೇ ಹೆಗಲಿಗೆ ಹಾಕಿಕೊಂಡು ಓಡಾಡುವುದು ಖಂಡಿತ.

ಮನೆಗೆ ಬಂದ ಮೇಲೆ ಮೊದಲ ವಾರ ಅಂಗಿ ಬದಲಿಸುವಾಗ ಹೆಗಲು ನೋಡಿ. ಕೆಂಪು ಗೆರೆ ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಪಟ್ಟಿ ಕಚ್ಚುತ್ತಿದೆ. ಕೈ ಜುಮ್ಮೆನ್ನುತ್ತದೆ, ಬೆರಳು ಮರಗಟ್ಟುತ್ತದೆ ಅಂತ ಮಗು ಹೇಳಿದರೆ ಭಾರ ಕೂಡಲೇ ಇಳಿಸಿ. ಆಮೇಲೂ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ.

ಸ್ಲೈಡ್ 8 · ನಾವು ಹೊಲಿಯುವ ಬ್ಯಾಗು

ಮಗಳಿಗೆ ಅಂತ ಹೊಲಿದ ಆ 500 ಗ್ರಾಂ ಬ್ಯಾಗನ್ನೇ ಈಗ ಬೇರೆ ಮಕ್ಕಳಿಗೂ ಹೊಲಿಯುತ್ತಿದ್ದೇವೆ. ಸೈಜು ತರಗತಿಯ ಪ್ರಕಾರ ಇಲ್ಲ, ಬೆನ್ನಿನ ಇಂಚಿನ ಪ್ರಕಾರ ಇದೆ: 12, 14, 16. ಕೆಳಗಿನ ಮೂಲೆಯಲ್ಲಿ ತ್ರಿಕೋನ, ದೊಡ್ಡ ಖಾನೆಗೆ 8ರ ಜಿಪ್ಪು, ಎದೆಗೆ ಬೆಲ್ಟು, ಒಳಗಿನ ಅಂಚಿಗೆಲ್ಲ ಬಟ್ಟೆಯ ಪಟ್ಟಿ. ಕಾರ್ಟೂನ್ ಇಲ್ಲ, ಅದಕ್ಕೆ ಮಗಳ ತಕರಾರು ಇನ್ನೂ ಇದೆ. ಮೂರು ಬಣ್ಣ ಇದೆ, ಅದರಲ್ಲಿ ಹಳದಿ ಬೇಗ ಕೊಳೆಯಾಗುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಮೊದಲು ಮನೆಯಲ್ಲಿರುವ ಬ್ಯಾಗನ್ನೇ ಅಳೆದು, ತೂಗಿ, ಮೇಲೆ ಹೇಳಿದ ಹಾಗೆ ಹಾಕಿಸಿ ನೋಡಿ. ಸರಿಯಾಗಿ ಕೂತರೆ ಹೊಸದು ಬೇಕಿಲ್ಲ, ಈ ವರ್ಷವೂ ಅದೇ ನಡೆಯಲಿ. ಕೂರದಿದ್ದರೆ ಮಗುವಿನ ಬೆನ್ನಿನ ಅಳತೆ, ತೂಕ ಎರಡನ್ನೂ ಬರೆದು ನಮಗೆ ಮೆಸೇಜ್ ಮಾಡಿ. ಯಾವ ಸೈಜ್ ಅಂತ ನಾನೇ ಹೇಳುತ್ತೇನೆ. ಅಳತೆ 13 ಬಂದು 12 ಬೇಕಾ 14 ಬೇಕಾ ಅಂತ ಗೊಂದಲವಾದರೆ 14 ತಗೊಳ್ಳಿ. 15 ಬಂದರೆ 16. ಒಂದು ಇಂಚು ಪರವಾಗಿಲ್ಲ ಅಂತ ಆಗಲೇ ಹೇಳಿದ್ದೆ, ಅಲ್ವಾ?